ಲ್ಯಾಪ್‌ಟಾಪ್ ಹಳತಾಗಿಲ್ಲ, ಪಟ್ಟಿ ಬದಲಾಗಿದೆ

ಕೋಲ್ಕತ್ತದ ಚಾಂದನಿ ಚೌಕದ ಕಂಪ್ಯೂಟರ್ ಅಂಗಡಿಗಳಲ್ಲಿ ಐದಾರು ವರ್ಷಕ್ಕಿಂತ ಹಳೆಯ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟರೆ ಸಾಕು, "ಏಟಾ ಚೊಲ್ಬೇ ನಾ" ಎಂಬ ಮಾತು ಬರುತ್ತದೆ. ಇದು ನಡೆಯೋದಿಲ್ಲ, ವಿಂಡೋಸ್ 11 ಹತ್ತೋದಿಲ್ಲ, ಎಕ್ಸ್‌ಚೇಂಜ್‌ಗೆ ಕೊಡಿ. 2025ರಲ್ಲಿ ಈ ಮಾತಿಗೆ ಹಬ್ಬದ ಬಲವೂ ಸೇರಿತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು ಅಕ್ಟೋಬರ್ 14ಕ್ಕೆ, ಅಂದರೆ ದುರ್ಗಾಪೂಜೆ ಮುಗಿದು ಕಾಳಿಪೂಜೆ ಇನ್ನೂ ಬರಬೇಕಿದ್ದ ನಡುವಿನ ವಾರಗಳಲ್ಲಿ. ಜನ ಹೇಗೂ ಖರೀದಿಗೆಂದೇ ಹೊರಟಿರುವ ಕಾಲ ಅದು.

ನನ್ನ ತಕರಾರು ಅಂಗಡಿಯವರ ಜೊತೆಗಿಲ್ಲ, ಅವರು ವ್ಯಾಪಾರ ಮಾಡುತ್ತಾರೆ. ತಕರಾರಿರುವುದು ನಮ್ಮ ಜೊತೆ. ಸೆಕ್ಟರ್ ಫೈವ್‌ನಲ್ಲಿ ಕೂತು ದಿನವಿಡೀ ಬೇರೆಯವರ ಸಾಫ್ಟ್‌ವೇರ್ ಸರಿಮಾಡುವ ನಾವು, ನಮ್ಮ ಮನೆಯ ಯಂತ್ರದ ವಿಷಯದಲ್ಲಿ ಒಂದು ಸಾಲಿನ ತೀರ್ಪನ್ನು ಪ್ರಶ್ನೆಯಿಲ್ಲದೆ ಒಪ್ಪಿಕೊಳ್ಳುತ್ತೇವೆ. ಹೊಸದೊಂದನ್ನು ಕಂತಿನಲ್ಲಿ ತರುತ್ತೇವೆ. ಹಳೆಯದನ್ನು ಊರಿಗೆ ಹೋಗುವಾಗ ಅಕ್ಕನ ಮಗನಿಗೆ ಕೊಟ್ಟು ಬರುತ್ತೇವೆ, ಅದಕ್ಕೆ ಉದಾರತೆ ಎಂಬ ಹೆಸರು ಬೇರೆ. ಆ ಉಡುಗೊರೆಯ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಮೊದಲು ತೀರ್ಪನ್ನೇ ನೋಡೋಣ. "ಆಗಲ್ಲ" ಎಂಬ ಒಂದು ಮಾತಿನೊಳಗೆ ಮೂರು ಬೇರೆಬೇರೆ ಉತ್ತರಗಳಿವೆ. ಒಂದು, ಬೇಕಾದದ್ದು ಯಂತ್ರದೊಳಗೇ ಇದೆ, ಆದರೆ ಆಫ್ ಆಗಿದೆ. ಎರಡು, ಯಂತ್ರಕ್ಕೆ ಶಕ್ತಿಯಿದೆ, ಆದರೆ ಅದರ ಪ್ರೊಸೆಸರ್ ಮೈಕ್ರೋಸಾಫ್ಟಿನ ಪಟ್ಟಿಯಲ್ಲಿಲ್ಲ. ಮೂರು, ಯಂತ್ರಕ್ಕೆ ನಿಜವಾಗಿಯೂ ಕೈಲಾಗುವುದಿಲ್ಲ. ಮೂರಕ್ಕೂ ಮದ್ದು ಬೇರೆ. ಯಾವುದು ಎಂದು ತಿಳಿಯದೆ ದುಡ್ಡು ಬಿಚ್ಚುವುದು, ಜ್ವರ ಎಂದ ಕೂಡಲೇ ಆಪರೇಷನ್ ಮಾಡಿಸಿಕೊಂಡ ಹಾಗೆ.

ಯಾವುದು ಎಂದು ತಿಳಿಯಲು ಹತ್ತು ನಿಮಿಷ ಸಾಕು. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ PC Health Check ಎಂಬ ಪುಟ್ಟ ಪ್ರೋಗ್ರಾಂ ಹಾಕಿಕೊಂಡು Check now ಒತ್ತಿ. ಆಗಲ್ಲ ಎಂದರೆ ಅಲ್ಲಿಗೇ ಮುಚ್ಚಬೇಡಿ, ಕೆಳಗಿರುವ See all results ಒತ್ತಿ. ಅಲ್ಲಿ ಒಂದೊಂದು ಅಂಶವೂ ಬೇರೆಬೇರೆ ಸಾಲಿನಲ್ಲಿ ಬರುತ್ತದೆ: ಪ್ರೊಸೆಸರ್, ಟಿಪಿಎಂ, ಸೆಕ್ಯೂರ್ ಬೂಟ್, 4 ಜಿಬಿ ಮೆಮೊರಿ, 64 ಜಿಬಿ ಸ್ಟೋರೇಜ್. ಹಳದಿ ಅಥವಾ ಕೆಂಪು ಗುರುತು ಯಾವ ಸಾಲಿನ ಮುಂದಿದೆ ಎನ್ನುವುದೇ ನಿಮ್ಮ ಉತ್ತರ.

ಗುರುತು ಟಿಪಿಎಂ ಅಥವಾ ಸೆಕ್ಯೂರ್ ಬೂಟ್ ಮುಂದೆ ಮಾತ್ರ ಇದ್ದರೆ, ನಿಮ್ಮದು ಬಹುಶಃ ಮೊದಲ ಉತ್ತರ. ಟಿಪಿಎಂ ಎಂದರೆ ಯಂತ್ರದೊಳಗಿನ ಒಂದು ಪುಟ್ಟ ತಿಜೋರಿ. ಡಿಸ್ಕನ್ನು ಬೀಗ ಹಾಕುವ ಕೀಲಿಗಳನ್ನು ಅದು ಪ್ರೊಸೆಸರಿಗೂ ಸುಲಭಕ್ಕೆ ಸಿಗದ ಹಾಗೆ ಇಟ್ಟುಕೊಳ್ಳುತ್ತದೆ. 2016ರ ಈಚಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಅದಕ್ಕೆಂದು ಬೇರೆ ಚಿಪ್ ಇಲ್ಲದಿದ್ದರೂ, ಇಂಟೆಲ್‌ನಲ್ಲಿ PTT ಎಂಬ ಹೆಸರಿನಲ್ಲಿ, ಎಎಂಡಿಯಲ್ಲಿ fTPM ಎಂಬ ಹೆಸರಿನಲ್ಲಿ ಅದು ಇದ್ದೇ ಇರುತ್ತದೆ. ಬಯೋಸ್‌ನಲ್ಲಿ ಆಫ್ ಆಗಿದ್ದರೆ ವಿಂಡೋಸ್‌ಗೆ ಕಾಣಿಸುವುದಿಲ್ಲ, ಅಷ್ಟೇ.

ನನ್ನ ಸಹೋದ್ಯೋಗಿಯೊಬ್ಬರ ಲ್ಯಾಪ್‌ಟಾಪ್ ಹೀಗೆಯೇ ಇತ್ತು. ಪ್ರೊಸೆಸರ್ i5-8250U, ಪಟ್ಟಿಯಲ್ಲಿರುವುದೇ. ಆದರೂ ಅಂಗಡಿಯಲ್ಲಿ ಆಗಲ್ಲ ಎಂದಿದ್ದರು. ವಿಂಡೋಸ್ ಕೀ ಜೊತೆ R ಒತ್ತಿ `tpm.msc` ಎಂದು ಕೊಟ್ಟೆವು. ಟಿಪಿಎಂ ಸಿಗಲಿಲ್ಲ ಎಂದು ಬಂತು. ಹಾಗೆಯೇ `msinfo32` ಕೊಟ್ಟು ನೋಡಿದರೆ BIOS Mode ಎದುರು Legacy ಎಂದಿತ್ತು. ಯಾರೋ ಹಿಂದೆಂದೋ ವಿಂಡೋಸ್ ಹೊಸದಾಗಿ ಹಾಕುವಾಗ ಹಳೆಯ ರೀತಿಯಲ್ಲಿ ಹಾಕಿದ್ದಾರೆ ಎಂದು ಅದರ ಅರ್ಥ. ಸೆಕ್ಯೂರ್ ಬೂಟ್ ನಡೆಯಬೇಕಾದರೆ ಅದು UEFI ಆಗಿರಬೇಕು, ಡಿಸ್ಕಿನ ವಿಭಾಗಪಟ್ಟಿಯೂ ಹೊಸ ಮಾದರಿಯದಾಗಿರಬೇಕು. ಡಿಸ್ಕ್ ಅಳಿಸದೆಯೇ ಅದನ್ನು ಬದಲಾಯಿಸುವ ಸಾಧನ ವಿಂಡೋಸ್ 10ರೊಳಗೇ ಇದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಮೊದಲ ಸಾಲನ್ನು ಕೊಡಬೇಕು. ಅದು ತಕರಾರಿಲ್ಲದೆ ಮುಗಿದರೆ ಮಾತ್ರ ಎರಡನೆಯದು:

```
mbr2gpt /validate /allowFullOS
mbr2gpt /convert /allowFullOS
```

ಆಮೇಲೆ ಯಂತ್ರ ಆಫ್ ಮಾಡಿ, ಆನ್ ಮಾಡುವಾಗಲೇ ಬಯೋಸ್‌ಗೆ ಹೋಗಬೇಕು. ಡೆಲ್, ಏಸರ್‌ಗಳಲ್ಲಿ ಸಾಮಾನ್ಯವಾಗಿ F2, ಎಚ್‌ಪಿಯಲ್ಲಿ F10. ಅಲ್ಲಿ ಬೂಟ್ ಮೋಡನ್ನು UEFI ಮಾಡಿ, PTT ಆನ್ ಮಾಡಿ, Secure Boot ಆನ್ ಮಾಡಿ ಸೇವ್ ಮಾಡಿದೆವು. ಯಂತ್ರ ಏಳುತ್ತಲೇ ಎಲ್ಲ ಸಾಲುಗಳೂ ಹಸಿರಾದವು. ಹೊಸ ಬಿಡಿಭಾಗ ಒಂದೂ ಇಲ್ಲ, ಖರ್ಚೂ ಇಲ್ಲ.

ಇದಕ್ಕೆ ಕೈ ಹಾಕುವ ಮೊದಲು ಎರಡು ಕೆಲಸ ಮಾಡಲೇಬೇಕು. ಫೈಲುಗಳ ಪ್ರತಿ ಬೇರೆ ಡಿಸ್ಕಿನಲ್ಲಿರಲಿ. ಇನ್ನು Settings ಒಳಗೆ ಡಿವೈಸ್ ಎನ್‌ಕ್ರಿಪ್ಶನ್ ಅಥವಾ ಬಿಟ್‌ಲಾಕರ್ ಆನ್ ಇದೆಯೇ ನೋಡಿ. ಆನ್ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಬಯೋಸ್ ಬದಲಾದ ಕೂಡಲೇ ವಿಂಡೋಸ್ ಆ ಕೀ ಕೇಳಬಹುದು. ಅದು ಕೈಯಲ್ಲಿಲ್ಲದಿದ್ದರೆ ಒಳಗಿರುವ ಫೋಟೋ, ಥೀಸಿಸ್ ಎಲ್ಲವೂ ಹೊರಗಿನವರಿಗೆ ಹೇಗೋ ನಿಮಗೂ ಹಾಗೆಯೇ.

ಈಗ ಎರಡನೆಯ ಉತ್ತರಕ್ಕೆ ಬರುತ್ತೇನೆ. ನನಗೆ ಸಿಟ್ಟು ಬರುವುದು ಇಲ್ಲಿ. ಬರಾನಗರದ ಪಿಜಿಯೊಂದರಲ್ಲಿ ಇರುವ ಶಿವಮೊಗ್ಗದ ಹುಡುಗ, ಎಂ.ಎಸ್ಸಿ. ಓದುತ್ತಿದ್ದಾನೆ. ಅಪ್ಪ 2017ರಲ್ಲಿ ತೆಗೆದುಕೊಂಡಿದ್ದ ಲ್ಯಾಪ್‌ಟಾಪ್ ಅವನದು: i5-7200U, 8 ಜಿಬಿ ಮೆಮೊರಿ, 1 ಟಿಬಿ ಹಾರ್ಡ್ ಡಿಸ್ಕ್. ಟಿಪಿಎಂ ಹಸಿರು, ಸೆಕ್ಯೂರ್ ಬೂಟ್ ಹಸಿರು, ಮೆಮೊರಿ ಹಸಿರು. ಒಂದೇ ಒಂದು ಸಾಲಿನಲ್ಲಿ ಮಾತ್ರ ಗುರುತು: "The processor isn't currently supported for Windows 11." ಅಂಗಡಿಯವರು ಹಳೆಯದಕ್ಕೆ ನಾಲ್ಕು ಸಾವಿರ ಕೊಡುವುದಾಗಿ ಹೇಳಿದ್ದರು. "ಅಣ್ಣ, ಸ್ಕಾಲರ್‌ಶಿಪ್ ಬರೋ ತನಕ ಅಪ್ಪನ ಹತ್ರ ಕೇಳೋಕೆ ಮನಸ್ಸಾಗಲ್ಲ" ಎಂದ.

ಪಟ್ಟಿಯ ಹೊರಗಿರುವ ಅವನ i5-7200U ಬಂದದ್ದು 2016ರಲ್ಲಿ. ಪಟ್ಟಿಯೊಳಗಿರುವ ನನ್ನ ಸಹೋದ್ಯೋಗಿಯ i5-8250U ಬಂದದ್ದು 2017ರಲ್ಲಿ. ಎಂಟನೆಯ ತಲೆಮಾರು ಎಂದು ಹೆಸರಿದ್ದರೂ ಎರಡರ ಒಳಗಿನ ವಿನ್ಯಾಸ ಕೇಬಿ ಲೇಕ್ ಎಂಬ ಒಂದೇ ವಂಶದ್ದು. ಹೊಸದರಲ್ಲಿ ನಾಲ್ಕು ಕೋರ್, ಹಳೆಯದರಲ್ಲಿ ಎರಡು. ನಾಲ್ಕು ಕೋರ್ ಬೇಕೇ ಬೇಕು ಎಂದಾದರೆ ಒಪ್ಪಬಹುದಿತ್ತು, ಆದರೆ ವಿಂಡೋಸ್ 11 ಕೇಳುವುದು ಎರಡೇ ಕೋರ್. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಬರುವ ಎರಡು ಕೋರಿನ Celeron N4000 ಆ ಪಟ್ಟಿಯಲ್ಲಿದೆ. ಆ ಸೆಲೆರಾನ್ ಮತ್ತು ಹುಡುಗನ i5 ಎರಡನ್ನೂ ಬಳಸಿದ ಯಾರನ್ನಾದರೂ ಕೇಳಿ, ಯಾವುದು ಚುರುಕು ಎಂದು. ಕುಂಟುವವನಿಗೆ ಬಾಗಿಲು ತೆರೆದು, ನಡೆಯುವವನನ್ನು ಹುಟ್ಟಿದ ವರ್ಷ ನೋಡಿ ಹೊರಗೆ ನಿಲ್ಲಿಸಿದ ಹಾಗಾಯಿತು.

ಮೈಕ್ರೋಸಾಫ್ಟ್ ಹೇಳುವ ಕಾರಣ ಸುರಕ್ಷತೆ. ಆ ಕಾರಣವನ್ನು ನಾನು ತಳ್ಳಿಹಾಕುವುದಿಲ್ಲ. ಟಿಪಿಎಂ, ಸೆಕ್ಯೂರ್ ಬೂಟ್ ಬೇಕು ಎನ್ನುವುದು ನ್ಯಾಯವೇ. ಪ್ರೊಸೆಸರಿನ ವಿಷಯದಲ್ಲಿ ಅವರು ಮುಖ್ಯವಾಗಿ ಹೇಳುವುದು, ವಿಂಡೋಸ್‌ನ ತಿರುಳಿನೊಳಗೆ ಕಳ್ಳ ಕೋಡ್ ನುಗ್ಗದಂತೆ ಕಾಯುವ Memory integrity ಎಂಬ ವ್ಯವಸ್ಥೆಯನ್ನು. ಇದು ವೇಗವಾಗಿ ನಡೆಯಬೇಕಾದರೆ ಪ್ರೊಸೆಸರಿನೊಳಗೇ ಒಂದು ನೆರವು ಬೇಕು. ಇಂಟೆಲ್‌ನಲ್ಲಿ ಆ ನೆರವು ಬಂದದ್ದು ಕೇಬಿ ಲೇಕ್‌ನಿಂದ, ಅಂದರೆ ಹೊರಗೆ ನಿಲ್ಲಿಸಿದ ಏಳನೆಯ ತಲೆಮಾರಿನಿಂದಲೇ. ಎಎಂಡಿಯಲ್ಲಿ ಬಂದದ್ದು ಜೆನ್ 2ರಿಂದ. ಆದರೆ ಅದಕ್ಕಿಂತ ಹಿಂದಿನ, ಆ ನೆರವಿಲ್ಲದ ರೈಜೆನ್ 5 2600 ಪಟ್ಟಿಯಲ್ಲಿದೆ. ಗೆರೆ ಎಳೆದವರು ತಮ್ಮ ಕಾರಣವನ್ನೇ ಅನುಸರಿಸಿ ಎಳೆದಿಲ್ಲ.

ಇನ್ನೊಂದು ಸಂಗತಿ. 2021ರ ಆಗಸ್ಟ್ ಕೊನೆಯಲ್ಲಿ ಮೈಕ್ರೋಸಾಫ್ಟ್ ಏಳನೆಯ ತಲೆಮಾರಿನ ಕೆಲವೇ ಚಿಪ್‌ಗಳನ್ನು ಪಟ್ಟಿಗೆ ಸೇರಿಸಿತು. ಅದರಲ್ಲಿ ಲ್ಯಾಪ್‌ಟಾಪ್ ವರ್ಗದ್ದು ಒಂದೇ, ಕೋರ್ i7-7820HQ, ಅದೂ ಆಯ್ದ ಕೆಲವು ಯಂತ್ರಗಳಲ್ಲಿದ್ದರೆ ಮಾತ್ರ. ಆ ಯಂತ್ರಗಳಲ್ಲೊಂದು ಮೈಕ್ರೋಸಾಫ್ಟಿನದೇ ದುಬಾರಿ ಸರ್ಫೇಸ್ ಸ್ಟುಡಿಯೊ 2, ಆಗಿನ್ನೂ ಮಾರಾಟದಲ್ಲಿದ್ದದ್ದು. ಹೊಸ ಮಾದರಿಯ ಡ್ರೈವರ್‌ಗಳಿವೆ ಎಂದು ಅವರು ಕಾರಣ ಕೊಟ್ಟರು. ಇರಬಹುದು. ಆದರೆ ಅದೇ ತಲೆಮಾರಿನ ಲಕ್ಷಾಂತರ ಲ್ಯಾಪ್‌ಟಾಪ್‌ಗಳಿಗೆ ಅಂಥ ಬಾಗಿಲು ತೆರೆಯಲಿಲ್ಲ.

ಅದೇ ಪ್ರಕಟಣೆಯಲ್ಲಿ ಅವರು ಒಂದು ಅಂಕಿಯನ್ನೂ ಕೊಟ್ಟಿದ್ದರು. ಅರ್ಹತೆಯಿಲ್ಲದ ಯಂತ್ರಗಳಲ್ಲಿ ತಿರುಳಿನ ಮಟ್ಟದ ಕುಸಿತ ಶೇ. 52ರಷ್ಟು ಹೆಚ್ಚು, ಅರ್ಹತೆಯಿರುವವು ಶೇ. 99.8ರಷ್ಟು ಕುಸಿತವಿಲ್ಲದೆ ನಡೆಯುತ್ತವೆ ಎಂದು. ಎರಡೂ ಒಂದೇ ಅಳತೆ ಎಂದು ಇಟ್ಟುಕೊಂಡು ಲೆಕ್ಕ ಹಾಕಿ. ಅರ್ಹ ಯಂತ್ರದಲ್ಲಿ ತೊಂದರೆ ಶೇ. 0.2, ಅದರ ಮೇಲೆ ಅರ್ಧ ಸೇರಿಸಿದರೆ ಶೇ. 0.3. ಶೇ. 52 ಎಂದು ಓದಿದಾಗ ಆಗುವ ಗಾಬರಿಗೂ ಈ ಅಂಕಿಗೂ ಅಜಗಜಾಂತರ.

ಸಿಟ್ಟು ಬಂದರೆ ಕೆಲಸ ಆಗುವುದಿಲ್ಲ, ಹುಡುಗನಿಗೆ ಏನು ಮಾಡುವುದು ಎನ್ನುವುದು ಮುಖ್ಯ. ಅವನ ಮುಂದೆ ಮೂರು ದಾರಿ ಇದ್ದವು.

ಮೊದಲನೆಯದು, ವಿಂಡೋಸ್ 10ರಲ್ಲೇ ಇದ್ದು ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್ ಪಡೆಯುವುದು. ಇದಕ್ಕೆ ಇಎಸ್‌ಯು ಎನ್ನುತ್ತಾರೆ. ಮನೆಬಳಕೆಯ ಯಂತ್ರಗಳಿಗೆ ಪ್ರಕಟಿಸಿರುವ ಅವಧಿ 2026ರ ಅಕ್ಟೋಬರ್ 13ರವರೆಗೆ. ಯಂತ್ರದಲ್ಲಿ ವಿಂಡೋಸ್ 10ರ 22H2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. Settings ಒಳಗೆ Windows Update ಪುಟದಲ್ಲಿ Enroll now ಎಂಬ ಕೊಂಡಿ ಇರುತ್ತದೆ. ಸೆಟ್ಟಿಂಗ್‌ಗಳನ್ನು ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ದುಡ್ಡಿಲ್ಲ, ಒಪ್ಪದಿದ್ದರೆ 30 ಡಾಲರಿಗೆ ಸಮನಾದ ಮೊತ್ತ, ಇಲ್ಲವೇ 1,000 ರಿವಾರ್ಡ್ಸ್ ಅಂಕ. ಬರುವುದು ಸುರಕ್ಷತೆಯ ತೇಪೆ ಮಾತ್ರ. ಅಷ್ಟು ಸಾಕು. ಇದು ಮನೆ ಬದಲಿಸುವವರೆಗೆ ಸಿಕ್ಕಿದ ನೋಟಿಸ್ ಅವಧಿ ಇದ್ದಂತೆ. ಆ ಅವಧಿಯಲ್ಲಿ ಮುಂದಿನ ಏರ್ಪಾಡು ಮಾಡಿಕೊಳ್ಳಬೇಕು.

ಎರಡನೆಯದು, ಪಟ್ಟಿಯನ್ನು ದಾಟಿ ವಿಂಡೋಸ್ 11 ಹಾಕುವುದು. ಇದು ಕಳ್ಳದಾರಿ ಎಂದು ಯಾರೂ ಹೆದರಬೇಕಿಲ್ಲ. ರಿಜಿಸ್ಟ್ರಿಯಲ್ಲಿ ಒಂದು ಮೌಲ್ಯ ಬದಲಿಸಿ ದಾಟುವ ಈ ವಿಧಾನವನ್ನು ಮೊದಲು ಪ್ರಕಟಿಸಿದ್ದೇ ಮೈಕ್ರೋಸಾಫ್ಟ್, ಆಮೇಲೆ ಪುಟದಿಂದ ತೆಗೆದುಹಾಕಿತು:

```
reg add HKLM\SYSTEM\Setup\MoSetup /v AllowUpgradesWithUnsupportedTPMOrCPU /t REG_DWORD /d 1 /f
```

ಇದನ್ನು ಅಡ್ಮಿನಿಸ್ಟ್ರೇಟರ್ ಆಗಿ ಕೊಟ್ಟು, ವಿಂಡೋಸ್ 11ರ ಐಎಸ್‌ಒ ಫೈಲನ್ನು ವಿಂಡೋಸ್ 10ರೊಳಗಿನಿಂದಲೇ ತೆರೆದು `setup.exe` ನಡೆಸಬೇಕು. ನಡೆಯುತ್ತದೆ. ಆದರೆ ಮೈಕ್ರೋಸಾಫ್ಟ್ ಈ ಯಂತ್ರಗಳಿಗೆ ಅಪ್‌ಡೇಟ್ ಕೊಡುವ ಹೊಣೆ ಹೊರುವುದಿಲ್ಲ. ತಿಂಗಳ ತೇಪೆಗಳು ಸಾಮಾನ್ಯವಾಗಿ ಬರುತ್ತವೆ, ವರ್ಷಕ್ಕೊಮ್ಮೆಯ ದೊಡ್ಡ ಆವೃತ್ತಿ ತಾನಾಗಿ ಬರುವುದಿಲ್ಲ. ಹೋಮ್, ಪ್ರೊ ಆವೃತ್ತಿಗಳಿಗೆ ಬೆಂಬಲ 24 ತಿಂಗಳು, ಅದರೊಳಗೆ ಇದೇ ಕೆಲಸವನ್ನು ಕೈಯಾರೆ ಮತ್ತೆ ಮಾಡಬೇಕು. ನಿಮ್ಮ ಸ್ವಂತ ಯಂತ್ರಕ್ಕೆ, ನೆನಪಿಟ್ಟು ಮಾಡುವ ತಾಳ್ಮೆಯಿದ್ದರೆ ಮಾಡಿ. ಬೇರೆಯವರ ಯಂತ್ರಕ್ಕೆ ಮಾಡಿಕೊಟ್ಟು ಟ್ರಾನ್ಸ್‌ಫರ್ ಆಗಿ ಹೋಗಬೇಡಿ.

ಮೂರನೆಯದು ಲಿನಕ್ಸ್. ಹುಡುಗ ಆರಿಸಿಕೊಂಡದ್ದು ಇದನ್ನು. ಅವನ ಲ್ಯಾಪ್‌ಟಾಪ್ ನಿಧಾನವಾಗಿದ್ದದ್ದು ಪ್ರೊಸೆಸರಿನಿಂದಲ್ಲ, ತಿರುಗುವ ಹಾರ್ಡ್ ಡಿಸ್ಕಿನಿಂದ. ಟಾಸ್ಕ್ ಮ್ಯಾನೇಜರ್ ತೆರೆದರೆ ಏನೂ ಮಾಡದೆ ಕೂತಾಗಲೂ Disk ಕಾಲಂ 100% ತೋರಿಸುತ್ತಿತ್ತು, CPU ಕಾಲಂ ಹತ್ತರ ಆಸುಪಾಸು. ಕಾಯಿಲೆ ಎಲ್ಲಿದೆ ಎಂದು ತಿಳಿಯಲು ಈ ಒಂದು ನೋಟ ಸಾಕು. ಹಾರ್ಡ್ ಡಿಸ್ಕ್ ತೆಗೆದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿದೆವು. ಹೊಸ ಲ್ಯಾಪ್‌ಟಾಪಿನ ಬೆಲೆಯ ಮುಂದೆ ಅದು ಏನೇನೂ ಅಲ್ಲ. ಹಳೆಯ ಡಿಸ್ಕ್ ಯುಎಸ್‌ಬಿ ಪೆಟ್ಟಿಗೆಯೊಳಗೆ ಬ್ಯಾಕಪ್ ಆಗಿ ಉಳಿಯಿತು.

ಡಿಸ್ಕ್ ಬದಲಿಸುವ ಮೊದಲೇ ಲಿನಕ್ಸ್ ಮಿಂಟ್ 22ನ್ನು ಪೆನ್‌ಡ್ರೈವ್‌ಗೆ ಹಾಕಿ, ಏನನ್ನೂ ಇನ್‌ಸ್ಟಾಲ್ ಮಾಡದೆ ಅದರಿಂದಲೇ ಯಂತ್ರ ಎಬ್ಬಿಸಿದೆವು. ಈ ಆವೃತ್ತಿಗೆ 2029ರವರೆಗೆ ಸುರಕ್ಷತಾ ಅಪ್‌ಡೇಟ್ ಇದೆ. ಅರ್ಧ ಗಂಟೆ ಪರೀಕ್ಷೆ: ವೈಫೈ ಹಿಡಿಯುತ್ತದೆಯೇ, ಶಬ್ದ ಬರುತ್ತದೆಯೇ, ಕ್ಯಾಮೆರಾ, ಬ್ಲೂಟೂತ್, ಮುಚ್ಚಿ ತೆರೆದರೆ ನಿದ್ದೆಯಿಂದ ಏಳುತ್ತದೆಯೇ. ಪೆನ್‌ಡ್ರೈವ್‌ನಲ್ಲೇ ಇವು ನಡೆಯದಿದ್ದರೆ ಅಲ್ಲಿಗೇ ನಿಲ್ಲಿಸಬಹುದು, ಕಳೆದುಕೊಂಡದ್ದು ಏನೂ ಇಲ್ಲ. ಅವನದರಲ್ಲಿ ಎಲ್ಲವೂ ನಡೆಯಿತು.

ನಮಗೆ ಇನ್ನೊಂದು ಪರೀಕ್ಷೆ ಇದೆ, ಕನ್ನಡ. ಕೀಬೋರ್ಡ್ ಲೇಔಟ್‌ಗಳ ಪಟ್ಟಿಯಲ್ಲಿ Kannada (KaGaPa, phonetic) ಎಂದು ಇದೆ. ನುಡಿಯಲ್ಲಿ ಬೆರಳಿಗೆ ರೂಢಿಯಾದ ಅದೇ ಕಗಪ ವಿನ್ಯಾಸ, ಕೆ.ಪಿ. ರಾವ್ ಅವರ ಕೆಲಸದಿಂದ ಬಂದದ್ದು. ಹೊಸದಾಗಿ ಕಲಿಯುವುದು ಹೆಚ್ಚೇನೂ ಇಲ್ಲ. ಅಕ್ಷರಗಳು ಚೆಂದ ಕಾಣಲು `fonts-knda` ಎಂಬ ಪ್ಯಾಕೇಜು ಹಾಕಿದರೆ ಗುಬ್ಬಿ, ನವಿಲು ಫಾಂಟುಗಳೂ ಬರುತ್ತವೆ. ತೊಡಕಿರುವುದು ಹಳೆಯ ನುಡಿ, ಬರಹ ಕಡತಗಳಲ್ಲಿ. ಯೂನಿಕೋಡ್ ಬರುವ ಮುನ್ನಿನ ಫಾಂಟಿನಲ್ಲಿ ಟೈಪ್ ಮಾಡಿದ ಕಥೆ, ಕವಿತೆಗಳು ಅಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ವಿಂಡೋಸ್ ಇನ್ನೂ ಇರುವಾಗಲೇ ಅವನ್ನು ಯೂನಿಕೋಡಿಗೆ ಪರಿವರ್ತಿಸಿ ಇಟ್ಟುಕೊಳ್ಳಿ.

ಲಿನಕ್ಸ್ ಎಲ್ಲರಿಗೂ ಅಲ್ಲ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ, ಮ್ಯಾಕ್ರೋ ತುಂಬಿದ ಎಕ್ಸೆಲ್ ಹಾಳೆಗಳ ಮೇಲೆ ಕೆಲಸ ನಡೆಯುವವರಿಗೆ ತಲೆನೋವೇ. ಸೇಫ್ ಎಕ್ಸಾಮ್ ಬ್ರೌಸರ್ ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ಮನೆಯಿಂದ ಅಂಥ ಪರೀಕ್ಷೆ ಬರೆಯಬೇಕಾದವರು ಮೊದಲೇ ವಿಭಾಗದಲ್ಲಿ ಕೇಳಿಕೊಳ್ಳಲಿ, ಇಲ್ಲವೇ ಎಸ್‌ಎಸ್‌ಡಿಯ ಒಂದು ಪಾಲಿನಲ್ಲಿ ಇಎಸ್‌ಯು ಪಡೆದ ವಿಂಡೋಸ್ 10 ಉಳಿಸಿಕೊಳ್ಳಲಿ. ನಮ್ಮ ಹುಡುಗನ ಕೆಲಸ ಆರ್, ಪೈಥಾನ್, ಲಾಟೆಕ್‌ಗಳಲ್ಲಿ. ಅವನಿಗೆ ಲಿನಕ್ಸ್ ಹೊಂದಿತು.

ಮೂರನೆಯ ಉತ್ತರವೂ ನಿಜವೇ, ಕೆಲವು ಯಂತ್ರಗಳಿಗೆ ನಿಜವಾಗಿಯೂ ಆಗುವುದಿಲ್ಲ. ಬೋರ್ಡಿಗೇ ಬೆಸೆದ 2 ಜಿಬಿ ಮೆಮೊರಿ, 32 ಜಿಬಿ ಸ್ಟೋರೇಜ್ ಇರುವ ಅಗ್ಗದ ಪುಟ್ಟ ಲ್ಯಾಪ್‌ಟಾಪ್‌ಗಳನ್ನು ಬೆಳೆಸಲು ಜಾಗವೇ ಇಲ್ಲ. ಕೋರ್ 2 ಡ್ಯುಯೋ ಕಾಲದವುಗಳ ಪ್ರೊಸೆಸರಿನಲ್ಲಿ POPCNT ಎಂಬ ಒಂದು ಆದೇಶವೇ ಇಲ್ಲ. 24H2 ಆವೃತ್ತಿಯಿಂದ ವಿಂಡೋಸ್ 11ಕ್ಕೆ ಅದು ಬೇಕೇ ಬೇಕು, ಯಾವ ರಿಜಿಸ್ಟ್ರಿ ತಂತ್ರಕ್ಕೂ ಜಗ್ಗುವುದಿಲ್ಲ, ಯಂತ್ರ ಏಳುವುದೇ ಇಲ್ಲ. ಇವು ಗುಜರಿಯವನ ಚೀಲಕ್ಕೆ ಹೋಗಬಾರದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಡಿಸ್ಕ್ ಅಳಿಸಿ, ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಿ.

ಕೊನೆಗೆ ಆ ಉಡುಗೊರೆಯ ಮಾತು. ನಾವು ಊರಿಗೆ ಒಯ್ದು ಕೊಡುವ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಎಂಥದ್ದು? ವಿಂಡೋಸ್ 10, ಅಪ್‌ಡೇಟ್ ನಿಂತದ್ದು, ಇಎಸ್‌ಯು ನೋಂದಣಿ ಇಲ್ಲದ್ದು. ಅದರಲ್ಲಿ ಹುಡುಗ ಪಾಠ ನೋಡುತ್ತಾನೆ, ಅವನಪ್ಪ ಬ್ಯಾಂಕಿನ ಪಾಸ್‌ವರ್ಡ್ ಹಾಕುತ್ತಾರೆ, ಊರಿನ ನಾಲ್ಕು ಜನರ ಪೆನ್‌ಡ್ರೈವ್ ಚುಚ್ಚುತ್ತಾರೆ. ನಮಗೆ ಸುರಕ್ಷಿತವಲ್ಲ ಎಂದು ಬಿಟ್ಟದ್ದು ಅವರಿಗೆ ಹೇಗೆ ಸುರಕ್ಷಿತವಾಯಿತು? ತೊಂದರೆಯಾದರೆ ಸರಿಮಾಡುವವರು ನಮ್ಮ ಓಣಿಯಲ್ಲಿ ಹತ್ತು ಜನ ಸಿಗುತ್ತಾರೆ, ಅಲ್ಲಿ ಒಬ್ಬರೂ ಇಲ್ಲ. ಕೊಡುವುದಾದರೆ ಒಂದು ಭಾನುವಾರ ಕೂತು ಅದನ್ನು ನೋಂದಾಯಿಸಿ, ಇಲ್ಲವೇ ಮಿಂಟ್ ಹಾಕಿ, ಕಗಪ ಕೀಲಿಮಣೆ ಹೊಂದಿಸಿ, ಅಪ್‌ಡೇಟ್ ತಾನಾಗಿ ಆಗುವಂತೆ ಮಾಡಿ ಕೊಡಿ. ಅದಕ್ಕೆ ಪುರುಸೊತ್ತಿಲ್ಲ ಎಂದಾದರೆ ಚಾಂದನಿ ಚೌಕದಲ್ಲೇ ಮಾರಿ, ಆ ನಾಲ್ಕು ಸಾವಿರವನ್ನು ಹುಡುಗನ ಕೈಗೆ ಕೊಡಿ.